ಗಾಡ್ಗೀಳರ ಪಕ್ಕದಲ್ಲಿ ಯಾರು ಮೊದಲು?

ಪಶ್ಚಿಮ ಘಟ್ಟದ ಬಗ್ಗೆ ಪ್ರಬಂಧ ಬರೆಯುವವರ ಆಕರ ಪಟ್ಟಿಯಲ್ಲಿ ಮಾಧವ ಗಾಡ್ಗೀಳರ ಹೆಸರು ಮತ್ತೆ ಮತ್ತೆ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದ ಅವರು ಒಬ್ಬರೇ ಬರೆದದ್ದೂ ಉಂಟು, ಬೇರೆಬೇರೆಯವರ ಜೊತೆ ಸೇರಿ ಬರೆದದ್ದೂ ಉಂಟು. ತೊಡಕು ಶುರುವಾಗುವುದೇ ಇಲ್ಲಿ. ಮೊದಲ ಹೆಸರು ಒಂದೇ ಇದ್ದು ಜೊತೆಗಾರರು ಬೇರೆಯಾದಾಗ ಯಾವುದನ್ನು ಮೇಲೆ ಬರೆಯಬೇಕು?

ಸಮಾಜವಿಜ್ಞಾನದಲ್ಲಿ ಹೆಚ್ಚು ಬಳಕೆಯಲ್ಲಿರುವ ಎಪಿಎ ಮತ್ತು ಶಿಕಾಗೊ ಶೈಲಿಗಳ ಉತ್ತರ ಒಂದೇ. ಒಬ್ಬರೇ ಬರೆದದ್ದು ಮೊದಲು. ಆಮೇಲೆ ಎರಡನೆಯ ಲೇಖಕರ ಕುಲನಾಮದ ಅಕ್ಷರ, ಅದೂ ಒಂದೇ ಆದರೆ ಮೂರನೆಯವರದು. ಎಲ್ಲ ಹೆಸರುಗಳೂ ಒಂದೇ ಆದಾಗ ಮಾತ್ರ ಇಸವಿಯ ಸರದಿ. ಇಂಗ್ಲಿಷ್ ಪಟ್ಟಿಯಲ್ಲಿ ಹೀಗೆ ಜೋಡಿಸಿದರೆ ಗಾಡ್ಗೀಳರು ಒಬ್ಬರೇ ಬರೆದ 1971ರ ಲೇಖನ ಮೊದಲು ಬರುತ್ತದೆ. ಅದರ ಕೆಳಗೆ ಬರ್ಕಿಸ್ ಮತ್ತು ಫೋಲ್ಕೆ ಜೊತೆಗಿನ 1993ರದು, ಬಾಸರ್ಟ್ ಜೊತೆಗಿನ 1970ರದು, ರಾಮಚಂದ್ರ ಗುಹಾ ಜೊತೆಗಿನ 1992 ಮತ್ತು 1995ರ ಪುಸ್ತಕಗಳು, ಸೋಲ್‌ಬ್ರಿಗ್ ಜೊತೆಗಿನ 1972ರದು, ಕೊನೆಗೆ ದೇವರಕಾಡುಗಳ ಬಗ್ಗೆ ವರ್ತಕ್ ಜೊತೆ ಬರೆದ 1976ರ ಲೇಖನ.

ಇಸವಿಗಳನ್ನಷ್ಟೇ ನೋಡಿದರೆ ಪಟ್ಟಿ ಕಲಸಿಹೋದಂತೆ ಕಾಣುತ್ತದೆ. ಅದನ್ನು ಕಂಡು ಗಾಬರಿಯಾಗಿ ಎಲ್ಲವನ್ನೂ ಇಸವಿಯ ಪ್ರಕಾರ ‘ಸರಿಪಡಿಸಿದ’ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ಹಾಗೆ ಮಾಡಿದರೆ ಗುಹಾ ಅವರ ಎರಡು ಪುಸ್ತಕಗಳ ನಡುವೆ ಬರ್ಕಿಸ್ ಬಂದು ಕೂರುತ್ತಾರೆ. ಗಾಡ್ಗೀಳ್–ಗುಹಾ ಬರಹಗಳು ಒಟ್ಟಿಗೆ ಸಿಗುವುದಿಲ್ಲ.

ಆದರೂ ಇಸವಿಯನ್ನು ನೆಚ್ಚುವವರ ವಾದದಲ್ಲಿ ಹುರುಳಿದೆ. ಮೂವರು ಬರೆದ ಲೇಖನವನ್ನು ಪ್ರಬಂಧದ ಒಳಗೆ ‘ಗಾಡ್ಗೀಳ್ ಮತ್ತಿತರರು 1993’ ಎಂದಷ್ಟೇ ಬರೆಯುತ್ತೇವೆ. ಎರಡನೆಯ ಹೆಸರು ಬರ್ಕಿಸ್ ಎಂದು ಓದುಗನಿಗೆ ಗೊತ್ತಾಗುವುದು ಹೇಗೆ? ಅವನ ಕೈಯಲ್ಲಿರುವುದು ಇಸವಿ ಮಾತ್ರ. ಅದಕ್ಕೇ ಸ್ಪ್ರಿಂಗರ್‌ನ ಒಂದು ಶೈಲಿ ಮಧ್ಯದ ದಾರಿ ಹಿಡಿದಿದೆ: ಮೊದಲು ಒಬ್ಬರದು, ನಂತರ ಇಬ್ಬರದು ಸಹಲೇಖಕರ ಅಕ್ಷರದ ಪ್ರಕಾರ, ಕೊನೆಗೆ ಮೂವರು ಮತ್ತು ಹೆಚ್ಚಿನವರದು ಬರೀ ಇಸವಿಯ ಪ್ರಕಾರ. ಆಗ ಬರ್ಕಿಸ್ ಎರಡನೆಯ ಜಾಗದಿಂದ ವರ್ತಕರ ಕೆಳಗೆ ಇಳಿಯುತ್ತಾರೆ. ಹುಡುಕುವವನಿಗೆ ಇದೇ ಹೆಚ್ಚು ಅನುಕೂಲ ಎಂದು ನನಗನ್ನಿಸುತ್ತದೆ. ಆದರೆ ಯಾವ ಶೈಲಿ ಎಂದು ತೀರ್ಮಾನಿಸುವುದು ಪತ್ರಿಕೆ ಅಥವಾ ವಿಶ್ವವಿದ್ಯಾಲಯ, ಲೇಖಕನಲ್ಲ.

ಕನ್ನಡದಲ್ಲಿ ಪ್ರಬಂಧ ಬರೆಯುವವರು ಇನ್ನೊಂದು ಎಚ್ಚರ ವಹಿಸಬೇಕು. ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟರೆ ಇಂಗ್ಲಿಷ್ ಪಟ್ಟಿಯ ಸರದಿಯನ್ನು ಹಾಗೇ ಇಳಿಸಿಕೊಳ್ಳುವಂತಿಲ್ಲ. ವರ್ಣಮಾಲೆಯಲ್ಲಿ ಗಕಾರ ಬಕಾರಕ್ಕಿಂತ ಮುಂಚೆ ಇರುವುದರಿಂದ ಗುಹಾ ಮೊದಲಾಗುತ್ತಾರೆ, ಆಮೇಲೆ ಬರ್ಕಿಸ್, ಬಾಸರ್ಟ್. ಸೋಲ್‌ಬ್ರಿಗ್‌ಗಿಂತ ವರ್ತಕ್ ಮುಂದೆ ಬರುತ್ತಾರೆ. ಜೋಡಣೆಯನ್ನು ಕಂಪ್ಯೂಟರಿಗೆ ಬಿಟ್ಟರೆ ಅದು ‘ಮತ್ತು’ ಎಂಬ ಪದವನ್ನೂ ಹೆಸರೆಂದು ಎಣಿಸಿ ಗುಹಾ ಅವರನ್ನು ತಪ್ಪು ಜಾಗಕ್ಕೆ ತಳ್ಳಬಹುದು. ಪ್ರಬಂಧ ಸಲ್ಲಿಸುವ ಮುನ್ನ ಪಟ್ಟಿಯ ಎರಡನೆಯ ಹೆಸರುಗಳನ್ನಷ್ಟೇ ಮೇಲಿಂದ ಕೆಳಗೆ ಒಮ್ಮೆ ಓದಿ ನೋಡಿ.