ದಾರ ಎಳೆದಾಗ ಸುರುಳಿಯಾಗುವ ಅಂಚು

ಶಿಫಾನ್ ಬಟ್ಟೆ ತಂದು ದುಪಟ್ಟಾ ಮಾಡಿಕೊಳ್ಳುವವರಿಗೆ ಉದ್ದದ ಎರಡು ಬದಿಗಳ ಚಿಂತೆ ಇರುವುದಿಲ್ಲ. ಅವು ಮಗ್ಗದಲ್ಲೇ ಬಿಗಿಯಾಗಿ ನೇಯ್ದು ಬಂದ ಅಂಚುಗಳು, ಎಳೆ ಬಿಡುವುದಿಲ್ಲ. ಕಷ್ಟವೆಲ್ಲ ಕತ್ತರಿ ಆಡಿದ ಎರಡು ತುದಿಗಳದ್ದು. ಶಿಫಾನಿನ ನೂಲು ನುಣುಪು, ನೇಯ್ಗೆ ಸಡಿಲ; ಮುಟ್ಟಿದರೆ ಸಾಕು, ಅಂಚಿನ ಎಳೆಗಳು ಕಳಚಿಕೊಳ್ಳುತ್ತವೆ. ಪಿಕೋ ಮಾಡಿಸಿದರೆ ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ಮೆಷಿನ್ ಎಳೆದ ಕಡೆ ತೆಳು ಬಟ್ಟೆ ಹಿಗ್ಗಿ ಅಂಚು ಅಲೆಅಲೆಯಾಗುವುದುಂಟು. ಕೈಯಿಂದ ಸುರುಳಿ ಅಂಚು ಹೊಲಿದರೆ ಅಂಚು ಮೃದುವಾಗಿ, ದುಂಡಗೆ ನಿಲ್ಲುತ್ತದೆ. ಫ್ರಾನ್ಸಿನ ಎರ್ಮೆಸ್ ಸಂಸ್ಥೆ 1937ರಿಂದ ತಯಾರಿಸುತ್ತಿರುವ ರೇಷ್ಮೆ ಸ್ಕಾರ್ಫುಗಳ ಅಂಚನ್ನು ಇಂದಿಗೂ ಕೈಯಲ್ಲೇ ಸುರುಳಿ ಮಾಡಿ ಹೊಲಿಯುತ್ತಾರೆ.

ಸುರುಳಿ ಎಂದೊಡನೆ ಬಟ್ಟೆಯನ್ನು ಬೆರಳಿನಲ್ಲಿ ಹೊಸೆಯಬೇಕು ಎಂದುಕೊಳ್ಳುತ್ತೇವೆ. ಹಾಗೂ ಮಾಡುವವರಿದ್ದಾರೆ. ಆದರೆ ಜಾರುವ ಬಟ್ಟೆ ಹೊಸೆದಷ್ಟೇ ಬೇಗ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಹೇಳುವ ಕ್ರಮದಲ್ಲಿ ಆ ಕೆಲಸವನ್ನು ದಾರಕ್ಕೆ ಬಿಡುತ್ತೇವೆ.

ಮೊದಲು ತುದಿ ನೇರವಾಗಿರಬೇಕು. ಅಡ್ಡ ಎಳೆಯೊಂದನ್ನು ಸೂಜಿಮೊನೆಯಿಂದ ಹಿಡಿದು ಮೆಲ್ಲಗೆ ಎಳೆದು ತೆಗೆದರೆ ಬಟ್ಟೆಯಲ್ಲಿ ಸಣ್ಣ ಗೆರೆ ಕಾಣುತ್ತದೆ. ಅದರ ಮೇಲೆಯೇ ಕತ್ತರಿಸಿ. ಆಮೇಲೆ ಅಂಚಿನಿಂದ 6 ಮಿ.ಮೀ. ಒಳಗೆ, ಬಟ್ಟೆಯಡಿ ತೆಳು ಕಾಗದ ಇಟ್ಟು, ಮೆಷಿನ್ನಿನಲ್ಲಿ ಒಂದು ಸಣ್ಣ ಹೊಲಿಗೆ ಹಾಕಿ ಕಾಗದ ಹರಿದು ತೆಗೆಯಿರಿ. ಈ ಹೊಲಿಗೆ ಎಳೆಗಳನ್ನು ಹಿಡಿದಿಡುತ್ತದೆ, ಎಲ್ಲಿ ಮಡಚಬೇಕೆಂದೂ ತೋರಿಸುತ್ತದೆ. ಅದರ ಹೊರಗೆ 3 ಮಿ.ಮೀ. ಉಳಿಸಿ ಮಿಕ್ಕಿದ್ದನ್ನು ಕತ್ತರಿಸಬೇಕು. ಪೂರ್ತಿ ಅಂಚನ್ನು ಒಮ್ಮೆಗೇ ಕತ್ತರಿಸಿದರೆ ಹೊಲಿಗೆ ತಲುಪುವಷ್ಟರಲ್ಲಿ ಎಳೆ ಬಿಟ್ಟಿರುತ್ತದೆ. ಆದ್ದರಿಂದ ಒಂದು ಗೇಣು ಕತ್ತರಿಸಿ, ಅಷ್ಟನ್ನು ಹೊಲಿದು, ಮುಂದಿನ ಗೇಣಿಗೆ ಹೋಗಿ.

ಕೈಹೊಲಿಗೆಗೆ 10ನೇ ನಂಬರಿನ ತೆಳು ಸೂಜಿ, ಬಟ್ಟೆಯದೇ ಬಣ್ಣದ ಸಪೂರ ದಾರ ಸಾಕು. ದಾರ ಒಂಟಿ ಎಳೆಯಿರಲಿ, ಮೊಳದುದ್ದಕ್ಕಿಂತ ಹೆಚ್ಚು ಬೇಡ, ಉದ್ದವಾದರೆ ಗಂಟಾಗುತ್ತದೆ. ಬಟ್ಟೆಯ ಒಂದು ಕಡೆಯನ್ನು ತೊಡೆಯ ಮೇಲಿನ ಗಟ್ಟಿ ದಿಂಬಿಗೆ ಗುಂಡುಪಿನ್ನಿನಿಂದ ಚುಚ್ಚಿಟ್ಟರೆ ಜಾರುವುದಿಲ್ಲ.

ಈಗ ಅಂಚನ್ನು ಬಟ್ಟೆಯ ಹಿಂಬದಿಗೆ ಒಂದೇ ಸಲ ಮಡಚಿ. ಮೆಷಿನ್ ಹೊಲಿಗೆ ಮಡಿಕೆಯ ಏಣಿನಿಂದ ಕೂದಲೆಳೆಯಷ್ಟು ಒಳಗೆ, ಹಿಂಬದಿಗೇ ಬರಲಿ. ದಾರದ ಗಂಟನ್ನು ಮಡಿಕೆಯೊಳಗೆ ಅಡಗಿಸಿ, ಸೂಜಿಯನ್ನು ಮಡಿಕೆಯಿಂದ ಹೊರತನ್ನಿ. ಅದರ ನೇರ ಕೆಳಗೆ, ಕತ್ತರಿಸಿದ ಅಂಚು ಮುಗಿದ ಕಡೆ, ಮೂಲ ಬಟ್ಟೆಯ ಒಂದೇ ಒಂದು ಎಳೆಯನ್ನು ಎತ್ತಿಕೊಳ್ಳಿ. ಮತ್ತೆ ಮೇಲೆ ಬಂದು ಮಡಿಕೆಯೊಳಗೆ 4 ಮಿ.ಮೀ. ದೂರ ಸೂಜಿ ಜಾರಿಸಿ ಹೊರತನ್ನಿ, ಮತ್ತೆ ಕೆಳಗೆ ಒಂದು ಎಳೆ. ದಾರವನ್ನು ಬಿಗಿಯಬೇಡಿ. ಆರೇಳು ಹೊಲಿಗೆಯಾದಾಗ ದಾರ ಏಣಿಯ ಮೆಟ್ಟಿಲುಗಳಂತೆ ಕಾಣುತ್ತದೆ, ಕತ್ತರಿಸಿದ ಅಂಚು ಇನ್ನೂ ಹೊರಗೇ ಇರುತ್ತದೆ.

ಈಗ ಹೊಲಿಗೆ ಆರಂಭವಾದ ಕಡೆ ಎಡಗೈಯಿಂದ ಹಿಡಿದು, ಹೊಲಿಯುತ್ತಿರುವ ದಿಕ್ಕಿಗೇ ದಾರವನ್ನು ನಿಧಾನವಾಗಿ ಎಳೆಯಿರಿ. ಮಡಿಕೆಯೂ ಕೆಳಗಿನ ಎಳೆಗಳೂ ಹತ್ತಿರ ಬರುತ್ತವೆ. ನಡುವೆ ಸಿಕ್ಕ ಅಂಚಿಗೆ ಬೇರೆ ಜಾಗವಿಲ್ಲ. ಮೆಷಿನ್ ಹೊಲಿಗೆಯ ಸಮೇತ ಒಳಕ್ಕೆ ಹೊರಳಿಕೊಳ್ಳುತ್ತದೆ. ಎಳೆದ ಭಾಗದ ಮೇಲೆ ಉಗುರಾಡಿಸಿದರೆ ನೆರಿಗೆ ಬಿಡುತ್ತದೆ. ಪ್ರತಿ ಎರಡು, ಎರಡೂವರೆ ಸೆಂ.ಮೀ.ಗೊಮ್ಮೆ ಹೀಗೆ ಎಳೆಯುತ್ತಾ ಸಾಗಬೇಕು. ತುದಿಯಲ್ಲಿ ಸುರುಳಿಯ ಬಾಯನ್ನು ಎರಡು ಸಣ್ಣ ಹೊಲಿಗೆಯಿಂದ ಮುಚ್ಚಿ.

ಹೊಲಿದದ್ದನ್ನು ಬೆಳಕಿಗೆ ಹಿಡಿದರೆ ತಪ್ಪು ಎಲ್ಲಿದೆ ಎಂದು ತಿಳಿಯುತ್ತದೆ. ಸುರುಳಿಯಿಂದ ಎಳೆಗಳು ಇಣುಕಿದರೆ ಹೊಲಿಗೆಗಳ ನಡುವಿನ ಅಂತರ ಹೆಚ್ಚಾಗಿದೆ, ಅಥವಾ ಅಂಚು ಉದ್ದ ಉಳಿದಿದೆ. ಸುರುಳಿ ಸರಿಯಾಗಿದ್ದೂ ಬಟ್ಟೆ ಸುಕ್ಕುಗಟ್ಟಿದರೆ ದಾರ ಅತಿಯಾಗಿ ಬಿಗಿಯಾಗಿದೆ. ಮುಂದಿನ ಹೊಲಿಗೆಗೆ ಮೊದಲೇ ಬಟ್ಟೆಯನ್ನು ಮೆಲ್ಲಗೆ ಎಳೆದು ಸಡಿಲಿಸಿ. ಮೇಲ್ಬದಿಯಲ್ಲಿ ಚುಕ್ಕಿಚುಕ್ಕಿಯಾಗಿ ದಾರ ಕಂಡರೆ ಒಂದು ಎಳೆಯ ಬದಲು ಮೂರುನಾಲ್ಕು ಎಳೆ ಎತ್ತಿದ್ದೀರಿ ಎಂದರ್ಥ.

ಈ ಹೊಲಿಗೆ ಎಲ್ಲ ಬಟ್ಟೆಗೂ ಒಗ್ಗುವುದಿಲ್ಲ. ಶಿಫಾನ್, ಜಾರ್ಜೆಟ್, ತೆಳು ರೇಷ್ಮೆ ಚೆನ್ನಾಗಿ ಹೊರಳುತ್ತವೆ. ದಪ್ಪ ಬಟ್ಟೆ ದಾರ ಎಳೆದರೂ ಹೊರಳದೆ ಉಬ್ಬುತ್ತದೆ. ಓರೆಯಾಗಿ ಕತ್ತರಿಸಿದ ಅಂಚು ಕೈಯಲ್ಲೇ ಹಿಗ್ಗುವುದರಿಂದ ಅಲ್ಲಿ ಇನ್ನೂ ಹಗುರವಾಗಿ ಹಿಡಿಯಬೇಕು. ಒಂದು ಮೀಟರಿಗೆ ಗಂಟೆ ಮೀರುವುದು ಸಹಜ. ಮುಗಿದ ಮೇಲೆ ಅಂಚಿನ ಮೇಲೆ ಇಸ್ತ್ರಿ ಒತ್ತಬೇಡಿ. ಸುರುಳಿ ಚಪ್ಪಟೆಯಾದರೆ ಇಷ್ಟು ಹೊತ್ತು ಹೊಲಿದು ಪಡೆದ ದುಂಡುತನವೇ ಹೋಗುತ್ತದೆ. ಇಸ್ತ್ರಿಯನ್ನು ಅಂಚಿನ ಹತ್ತಿರದವರೆಗೆ ತಂದು ನಿಲ್ಲಿಸಿದರೆ ಸಾಕು.