ಹಾಡಿನ ಪಟ್ಟಿ ಕೇಳುವ ಮುನ್ನ

ಬೇಕಾದ ಹಾಡನ್ನು ಮಾತಿನಲ್ಲಿ ಬಣ್ಣಿಸಿದರೆ ಪಟ್ಟಿ ಕಟ್ಟಿಕೊಡುವ ಎಐ ಸೌಲಭ್ಯವನ್ನು ಸ್ಪಾಟಿಫೈ 2024ರ ಏಪ್ರಿಲ್‌ನಲ್ಲಿ ಬ್ರಿಟನ್ ಮತ್ತು ಆಸ್ಟ್ರೇಲಿಯಾದಲ್ಲಿ ಪ್ರಯೋಗಕ್ಕೆ ಬಿಟ್ಟಿತು. ಟೈಪ್ ಮಾಡಿದ ವಾಕ್ಯವನ್ನು ಭಾಷಾ ಮಾದರಿ ಓದಿ ಅರ್ಥ ಮಾಡಿಕೊಳ್ಳುತ್ತದೆ. ನೀವು ಹಿಂದೆ ಕೇಳಿದ ಹಾಡುಗಳನ್ನೂ ಗಮನಿಸಿ ಭಂಡಾರದಿಂದ ಆಯ್ದು ಕೊಡುತ್ತದೆ.

‘1970ರ ದಶಕದ ರಾಜ್‌ಕುಮಾರ್ ಹಾಡುಗಳು, ರಾತ್ರಿಗೆ ಹೊಂದುವಂಥವು, ರೀಮಿಕ್ಸ್ ಬೇಡ’ ಎಂದು ಬರೆದಿರಿ ಎನ್ನೋಣ. ನಮಗೆ ಸಲೀಸಾದ ಮಾತು; ಯಂತ್ರಕ್ಕೆ ಇಲ್ಲೇ ತೊಡಕು. ರಾಜ್‌ಕುಮಾರ್ ಎಂದರೆ ನಟರೋ, ಗಾಯಕರೋ? 1972ರ ‘ಬಂಗಾರದ ಮನುಷ್ಯ’ದಲ್ಲಿ ಅವರಿಗೆ ದನಿಯಾದವರು ಪಿ.ಬಿ. ಶ್ರೀನಿವಾಸ್. 1974ರ ‘ಸಂಪತ್ತಿಗೆ ಸವಾಲ್’ ನಂತರವೇ ರಾಜ್ ತಮಗೆ ತಾವೇ ಹಾಡುವುದು ರೂಢಿಯಾಯಿತು. ಗಾಯಕರ ಹೆಸರನ್ನಷ್ಟೇ ನೋಡಿ ಆಯ್ದರೆ ದಶಕದ ಮೊದಲರ್ಧ ಕೈಬಿಟ್ಟುಹೋಗುತ್ತದೆ.

ಇಸವಿಯ ತೊಡಕು ಇನ್ನೂ ದೊಡ್ಡದು. ಹಳೆಯ ಹಾಡುಗಳು ಎಷ್ಟೋ ಕಡೆ ಮುಂದೆ ಬಂದ ಸಂಕಲನಗಳಲ್ಲಿ ಕೂತಿರುತ್ತವೆ. ಆಗ ದಾಖಲೆಯಲ್ಲಿರುವುದು ಸಂಕಲನದ ಇಸವಿ, ಚಿತ್ರದ್ದಲ್ಲ. ಹಾಡಿನ ಆಲ್ಬಂ ಹೆಸರು ತೆರೆದು ನೋಡಿದರೆ ಗೊತ್ತಾಗುತ್ತದೆ: ಅಲ್ಲಿ ಚಿತ್ರದ ಹೆಸರಿನ ಬದಲು ‘ಹಿಟ್ಸ್’ ಎಂದಿದ್ದರೆ ಇಸವಿಯನ್ನು ನಂಬಬೇಡಿ. ‘ಬೇಡ’ ಎಂದ ರೀಮಿಕ್ಸೂ ನುಸುಳಬಹುದು.

ಹಾಗಾಗಿ ದಶಕಕ್ಕಿಂತ ಚಿತ್ರ, ಗಾಯಕ, ಸಂಗೀತ ನಿರ್ದೇಶಕರ ಹೆಸರು ಬರೆಯುವುದು ಮೇಲು. ‘ಪಿ.ಬಿ. ಶ್ರೀನಿವಾಸ್, ಜಿ.ಕೆ. ವೆಂಕಟೇಶ್ ಸಂಗೀತ’ ಎಂದರೆ ಯಂತ್ರಕ್ಕೆ ಹಿಡಿತ ಸಿಗುತ್ತದೆ. ಉಳಿದ ತಪ್ಪುಗಳನ್ನು ಒಂದೊಂದಾಗಿ ತೆಗೆದುಹಾಕಿ, ಆಮೇಲೆ ಪಟ್ಟಿಯನ್ನು ಉಳಿಸಿಕೊಳ್ಳಿ.