ಮೊದಲ ತೊಂಬತ್ತು ದಿನ: ಕೀಲಿ ಯಾರ ಕೈಯಲ್ಲಿದೆ?

ಮೂವತ್ತು-ನಲವತ್ತು ಜನರ ಸ್ಟಾರ್ಟಪ್‌ಗೆ ಮೊದಲ ಸೆಕ್ಯುರಿಟಿ ಎಂಜಿನಿಯರ್ ಬಂದ ಕೂಡಲೇ ಸ್ಕ್ಯಾನರ್ ಓಡಿಸಿ, ನೂರಾರು ದೋಷಗಳ ಪಟ್ಟಿಯನ್ನು ಡೆವಲಪರ್‌ಗಳ ಮುಂದಿಡುವುದುಂಟು. ಆ ಪಟ್ಟಿಯನ್ನು ಯಾರೂ ಪೂರ್ತಿ ಓದುವುದಿಲ್ಲ. ಅದಕ್ಕಿಂತ ಮೊದಲು ತಿಳಿಯಬೇಕಾದದ್ದು, ಇಡೀ ಕಂಪನಿಯನ್ನೇ ಅಳಿಸಿಹಾಕಬಲ್ಲ ಅಧಿಕಾರ ಯಾರ್ಯಾರ ಬಳಿ ಇದೆ ಎಂಬುದು.

ಇದು ಉತ್ಪ್ರೇಕ್ಷೆಯಲ್ಲ. ಗ್ರಾಹಕರ ಸೋರ್ಸ್ ಕೋಡ್ ಇಟ್ಟುಕೊಳ್ಳುತ್ತಿದ್ದ ಕೋಡ್ ಸ್ಪೇಸಸ್ ಎಂಬ ಕಂಪನಿಯ ಅಮೆಜಾನ್ ಕ್ಲೌಡ್ ಖಾತೆಗೆ 2014ರ ಜೂನ್‌ನಲ್ಲಿ ಒಬ್ಬ ನುಗ್ಗಿ ಹಣ ಕೇಳಿದ. ಕಂಪನಿಯವರು ಪಾಸ್‌ವರ್ಡ್ ಬದಲಿಸಿದರು. ಅಷ್ಟರಲ್ಲಿ ಆತ ಬೇರೆ ಲಾಗಿನ್‌ಗಳನ್ನು ಸೃಷ್ಟಿಸಿಕೊಂಡಿದ್ದ, ಸಿಟ್ಟಿಗೆದ್ದು ಅಳಿಸತೊಡಗಿದ. ಬ್ಯಾಕಪ್‌ನ ಬಹುಪಾಲೂ ಅದೇ ಖಾತೆಯ ಹಿಡಿತದಲ್ಲಿದ್ದುದರಿಂದ ಅದೂ ಹೋಯಿತು. ಕಂಪನಿ ಬಾಗಿಲು ಹಾಕಿತು.

ಹಾಗಾಗಿ ಮೊದಲ ತಿಂಗಳು ಅಕೌಂಟ್ಸ್ ವಿಭಾಗದವರ ಪಕ್ಕ ಕೂರುವುದೇ ಒಳ್ಳೆಯದು. ಕಂಪನಿಯ ಕ್ರೆಡಿಟ್ ಕಾರ್ಡ್ ಬಿಲ್ ನೋಡಿದರೆ ಯಾವ್ಯಾವ ಸೇವೆಗೆ ದುಡ್ಡು ಹೋಗುತ್ತಿದೆ ಎಂದು ತಿಳಿಯುತ್ತದೆ. ಎಂಜಿನಿಯರ್‌ಗಳು ಮರೆತದ್ದೂ ಅಲ್ಲಿ ಸಿಗುತ್ತದೆ. ಪ್ರತಿ ಸೇವೆಗೂ ಮೂರೇ ಪ್ರಶ್ನೆ: ಅಡ್ಮಿನ್ ಯಾರು, ಎರಡು ಹಂತದ ಲಾಗಿನ್ ಇದೆಯೇ, ಕೆಲಸ ಬಿಟ್ಟುಹೋದವರ ಹೆಸರು ಇನ್ನೂ ಉಳಿದಿದೆಯೇ. ಡೊಮೇನ್ ಮಾತ್ರ ಸಂಸ್ಥಾಪಕರ ಖಾಸಗಿ ಜಿಮೇಲ್‌ನಲ್ಲೇ ಇದ್ದರೆ ಆಶ್ಚರ್ಯಪಡಬೇಡಿ.

ಎರಡನೇ ತಿಂಗಳ ಕೆಲಸ ಹೆಚ್ಚು ನಾಜೂಕಿನದು. ಕೋಡ್‌ನೊಳಗೆ ಹಳೆಯ ಆಕ್ಸೆಸ್ ಕೀ ಸಿಕ್ಕಿತು ಎನ್ನಿ. ಆ ಸಾಲನ್ನು ಅಳಿಸಿದರೆ ಸಾಲದು, ಗಿಟ್‌ನ ಇತಿಹಾಸದಲ್ಲಿ ಅದು ಉಳಿದೇ ಇರುತ್ತದೆ, ಕೀಯನ್ನೇ ಬದಲಿಸಬೇಕು. ಅಮೆಜಾನ್ ಒಬ್ಬ ಬಳಕೆದಾರನಿಗೆ ಎರಡು ಕೀ ಇಟ್ಟುಕೊಳ್ಳಲು ಬಿಡುವುದು ಇದಕ್ಕೇ ಅನುಕೂಲ. ಹೊಸ ಕೀ ಮಾಡಿ ಆ್ಯಪ್‌ಗೆ ಹಾಕಿ, ಹಳೆಯದು ಕೊನೆಯ ಬಾರಿ ಬಳಕೆಯಾದದ್ದು ಯಾವಾಗ ಎಂದು ಕನ್ಸೋಲ್‌ನಲ್ಲಿ ನೋಡುತ್ತಿರಬೇಕು. ಬಳಕೆ ನಿಂತ ಮೇಲೂ ಅಳಿಸದೆ, ನಿಷ್ಕ್ರಿಯ ಮಾಡಿ ಒಂದು ತಿಂಗಳು ಬಿಡಬೇಕು. ತಿಂಗಳಿಗೊಮ್ಮೆ ಓಡುವ ಬಿಲ್ಲಿಂಗ್ ಸ್ಕ್ರಿಪ್ಟ್ ಅದನ್ನೇ ನೆಚ್ಚಿಕೊಂಡಿದ್ದರೆ ಕೈಕೊಡುತ್ತದೆ; ಆಗ ಕೀಯನ್ನು ಮತ್ತೆ ಸಕ್ರಿಯಗೊಳಿಸಬಹುದು, ಅಳಿಸಿದ್ದರೆ ಆಗದು. ಕೀ ಆಗಲೇ ಹೊರಗೆ ಸೋರಿದ್ದರೆ ಮಾತ್ರ ಕಾಯುವಂತಿಲ್ಲ, ಏನೇ ಕೆಟ್ಟರೂ ತಕ್ಷಣ ನಿಲ್ಲಿಸಬೇಕು.

ಮೂರನೇ ತಿಂಗಳು ಬ್ಯಾಕಪ್ಪಿನ ಒಂದು ಪ್ರತಿಯನ್ನು ಬೇರೆಯೇ ಖಾತೆಗೆ ಸಾಗಿಸಿ, ಅದರಿಂದ ಡೇಟಾಬೇಸ್ ಎಬ್ಬಿಸಿ, ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಬೇಕು. ಭಾರತದಲ್ಲಿ ಇನ್ನೊಂದು ಗಡಿಯಾರವೂ ಓಡುತ್ತಿರುತ್ತದೆ. ಸರ್ಟ್-ಇನ್‌ನ 2022ರ ನಿರ್ದೇಶನದಂತೆ, ಅದು ಪಟ್ಟಿ ಮಾಡಿರುವ ಬಗೆಯ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ರಾತ್ರಿ ಎರಡು ಗಂಟೆಗೆ ಆ ವರದಿ ಕಳಿಸುವವರು ಯಾರು ಎಂಬುದನ್ನು ಈಗಲೇ ಗೊತ್ತುಮಾಡಿ.

ಸಂಸ್ಥಾಪಕರಿಗೊಂದು ಮಾತು: ಬಂದವರಿಗೆ ಈ ಖಾತೆಗಳ ಪಟ್ಟಿಯನ್ನೆಲ್ಲ ನೋಡುವ ಅಧಿಕಾರವನ್ನು ಮೊದಲ ವಾರವೇ ಕೊಡಿ. ಐಎಸ್‌ಒ ಸರ್ಟಿಫಿಕೇಟ್ ಕೇಳುವುದನ್ನು ನಾಲ್ಕನೇ ತಿಂಗಳಿಗೆ ಇಟ್ಟುಕೊಳ್ಳಿ.